ಉದ್ದಕ್ಕೆ ಕತ್ತರಿಸಿದ ಕೋಟೆ ವಿಡಿಯೋ ಪಿಹ್ಯಾಶ್‌ಗೆ ಯಾಕೆ ಸಿಗಲಿಲ್ಲ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಾವಿಬ್ಬರು ಸೇರಿ ಸಣ್ಣ ಸ್ಟುಡಿಯೋ ನಡೆಸುತ್ತೇವೆ. ಚಿತ್ರದುರ್ಗದ ಕೋಟೆಯ ಬಗ್ಗೆ ಮಾಡಿದ 12 ನಿಮಿಷದ ವಿಡಿಯೋವನ್ನು ಯಾರ್ಯಾರೋ ತುಂಡು ಮಾಡಿ, ತಮ್ಮ ಲೋಗೋ ಹಾಕಿಕೊಂಡು ಹರಿಬಿಟ್ಟಿದ್ದಾರೆ. ಪ್ರತಿ ಚಿತ್ರಕ್ಕೂ ಹ್ಯಾಶ್ ಎಂಬ ಪುಟ್ಟ ಗುರುತು ಮಾಡಿಕೊಡುವ ಪಿಹ್ಯಾಶ್ ವಿಧಾನವನ್ನು ಪೈಥಾನ್‌ನಲ್ಲಿ ಹಾಕಿ ನೋಡಿದೆ. ಎರಡು ಹ್ಯಾಶ್‌ಗಳ ನಡುವಿನ ದೂರಕ್ಕೆ ಮಿತಿ 10 ಇಟ್ಟರೆ ವಾಟ್ಸಾಪ್ ಸುತ್ತಿ ಬಂದ ನಕಲು, ಮೂಲೆಗೆ ಲೋಗೋ ಅಂಟಿಸಿದ ನಕಲು ಸಿಗುತ್ತವೆ. ರೀಲ್ಸ್‌ಗೆಂದು ಉದ್ದಕ್ಕೆ ಕತ್ತರಿಸಿದವು ಒಂದೂ ಸಿಗುವುದಿಲ್ಲ. ಮಿತಿಯನ್ನು 20ಕ್ಕೆ ಏರಿಸಿದರೆ ಬೇರೆಯವರು ತಾವೇ ತೆಗೆದ ಕೋಟೆ ವಿಡಿಯೋಗಳೂ ನಮ್ಮದೇ ಎಂದು ತೋರಿಸುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮಿತಿಯನ್ನು ಮೊದಲು 20ರಿಂದ ಇಳಿಸಿ. 12ರ ಮೇಲೆ ಹೋಗಲೇಬೇಡಿ. ಮಿತಿ ಬಿಗಿಯಾಗಿತ್ತು ಎಂಬ ಕಾರಣಕ್ಕೆ ಉದ್ದನೆಯ ನಕಲು ತಪ್ಪಿಸಿಕೊಂಡಿಲ್ಲ. ನೀವು ಹೋಲಿಸುತ್ತಿರುವ ಎರಡು ಚಿತ್ರಗಳೇ ಬೇರೆ ಬೇರೆ. ಅಡ್ಡ ಚಿತ್ರದ ಹ್ಯಾಶನ್ನು ಅದರ ಮೂರರಲ್ಲೊಂದು ಭಾಗದ ಹ್ಯಾಶ್ ಪಕ್ಕ ಇಟ್ಟು ಹೋಲಿಸಿದರೆ ಮಿತಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಯಾಕೆಂದು ಅರ್ಥವಾಗಬೇಕಾದರೆ ಪಿಹ್ಯಾಶ್ ಚಿತ್ರವನ್ನು ಹೇಗೆ ನೋಡುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ನೀವು ಬಳಸಿರುವುದು `imagehash` ಲೈಬ್ರರಿ ಇರಬೇಕು ಅಂದುಕೊಳ್ಳುತ್ತೇನೆ. ಅದು ಫ್ರೇಮನ್ನು ಕಪ್ಪು ಬಿಳುಪು ಮಾಡಿ 32x32 ಚೌಕಗಳಿಗೆ ಕುಗ್ಗಿಸುತ್ತದೆ. ನಿಮ್ಮ ಮೂಲ 1920x1080 ಆಗಿದ್ದರೆ ಒಂದೊಂದು ಪುಟ್ಟ ಚೌಕದೊಳಗೆ ಸುಮಾರು 60 ಪಿಕ್ಸೆಲ್ ಅಗಲ, 34 ಪಿಕ್ಸೆಲ್ ಎತ್ತರದ ಜಾಗ ಸರಾಸರಿಯಾಗಿ ಕರಗಿಹೋಗುತ್ತದೆ. ಹೆದ್ದಾರಿಯಲ್ಲಿ ಬರುವಾಗ ದೂರದಿಂದ ಕಣ್ಣು ಕಿರಿದು ಮಾಡಿ ಚಿತ್ರದುರ್ಗದ ಬೆಟ್ಟ ನೋಡಿದ ಹಾಗೆ: ಕಲ್ಲುಗಳ ಗೆರೆ ಕಾಣುವುದಿಲ್ಲ, ಬೆಟ್ಟದ ಏರಿಳಿತ ಮಾತ್ರ ಕಾಣುತ್ತದೆ. ಆಮೇಲೆ ಈ 32x32 ಚಿತ್ರದ ಮೇಲೆ ಡಿಸಿಟಿ ಎಂಬ ಲೆಕ್ಕ ನಡೆಯುತ್ತದೆ. ಚಿತ್ರದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬೆಳಕು ನೆರಳು ಯಾವ್ಯಾವ ಅಲೆಗಳಲ್ಲಿ ಏರಿಳಿಯುತ್ತಿದೆ, ಒಂದೊಂದು ಅಲೆಯ ಪಾಲು ಎಷ್ಟು ಎಂದು ಅದು ಅಳೆಯುತ್ತದೆ. ನಿಧಾನವಾಗಿ ಏರಿಳಿಯುವ ಅಲೆಗಳ 8x8, ಅಂದರೆ 64 ಸಂಖ್ಯೆಗಳನ್ನಷ್ಟೇ ಉಳಿಸಿಕೊಂಡು ಅವುಗಳ ನಡುವಿನ ಬೆಲೆ ಕಂಡುಹಿಡಿಯುತ್ತದೆ. ಅದಕ್ಕಿಂತ ಹೆಚ್ಚಿದ್ದಕ್ಕೆ 1, ಕಡಿಮೆ ಇದ್ದದ್ದಕ್ಕೆ 0. ಆ 64 ಬಿಟ್‌ಗಳೇ ಹ್ಯಾಶ್. ಎರಡು ಹ್ಯಾಶ್‌ಗಳಲ್ಲಿ ಎಷ್ಟು ಬಿಟ್ ಬೇರೆಯಾಗಿವೆ ಎಂದು ಎಣಿಸಿದರೆ ಹ್ಯಾಮಿಂಗ್ ದೂರ ಸಿಗುತ್ತದೆ.

ಮಧ್ಯದಲ್ಲಿ ಒಂದು ಸಣ್ಣ ಮಾತು, ಮುಂದೆ ಉಪಯೋಗಕ್ಕೆ ಬರುತ್ತದೆ. ನಡುವಿನ ಬೆಲೆಗೆ ಹೋಲಿಸಿದ್ದರಿಂದ ಪ್ರತಿ ಹ್ಯಾಶ್‌ನಲ್ಲೂ 32 ಒಂದುಗಳು, 32 ಸೊನ್ನೆಗಳು ಇರುತ್ತವೆ. ಒಂದು ಕಡೆ 1 ಹೋಗಿ 0 ಆದರೆ ಇನ್ನೊಂದು ಕಡೆ 0 ಹೋಗಿ 1 ಆಗಲೇಬೇಕು. ಹಾಗಾಗಿ ಎರಡು ಒಳ್ಳೆಯ ಫ್ರೇಮ್‌ಗಳ ನಡುವಿನ ದೂರ ಯಾವಾಗಲೂ ಸಮಸಂಖ್ಯೆ. ನಿಮ್ಮ ಪಟ್ಟಿಯಲ್ಲಿ ಬೆಸ ದೂರ ಕಂಡರೆ ಆ ಫ್ರೇಮನ್ನು ತೆಗೆದು ನೋಡಿ. ಬಹುಮಟ್ಟಿಗೆ ಅದು ಒಂದೇ ಬಣ್ಣದ ಖಾಲಿ ಫ್ರೇಮ್ ಆಗಿರುತ್ತದೆ. ಅಲ್ಲಿ ಹಲವು ಸಂಖ್ಯೆಗಳು ಸೊನ್ನೆಯಾಗಿ ಒಂದಕ್ಕೊಂದು ಸಮನಾಗಿ ನಿಂತಿರುತ್ತವೆ.

ವಾಟ್ಸಾಪ್ ಸುತ್ತಿದ ನಕಲು ಯಾಕೆ ಸಿಕ್ಕಿತು ಎಂಬುದು ಈಗ ತಿಳಿಯಾಯಿತಲ್ಲ. ಕಂಪ್ರೆಷನ್ನಿನ ಚೌಕುಳಿ ಕಲೆಗಳು ಎಂಟು, ಹದಿನಾರು ಪಿಕ್ಸೆಲ್‌ನಷ್ಟು ಚಿಕ್ಕವು. 60 ಪಿಕ್ಸೆಲ್‌ನ ಸರಾಸರಿಯಲ್ಲಿ ಅವು ಲೆಕ್ಕಕ್ಕೇ ಬರುವುದಿಲ್ಲ. ಮೂಲೆಯ ಲೋಗೋ 200x80 ಪಿಕ್ಸೆಲ್ ಇದ್ದರೂ ಪುಟ್ಟ ಚಿತ್ರದಲ್ಲಿ ಹತ್ತು ಹನ್ನೆರಡು ಚೌಕ ಮುಟ್ಟಿದರೆ ಹೆಚ್ಚು. ಅದು 64 ಸಂಖ್ಯೆಗಳನ್ನೂ ಸ್ವಲ್ಪ ಸ್ವಲ್ಪ ಅಲುಗಾಡಿಸುತ್ತದೆ ನಿಜ, ಆದರೆ ಗಡಿಗೆ ಅಂಟಿಕೊಂಡು ನಿಂತಿದ್ದ ಕೆಲವು ಬಿಟ್‌ಗಳಷ್ಟೇ ಮಗುಚುತ್ತವೆ. ಲೋಗೋಗಿಂತ ತೊಂದರೆ ಕೊಡುವುದು ಸುದ್ದಿ ವಾಹಿನಿಗಳವರು ಕೆಳಗೆ ಓಡಿಸುವ ಅಡ್ಡಪಟ್ಟಿ. ಅಂಚಿನಿಂದ ಅಂಚಿಗೆ ಹಬ್ಬಿದ ಪಟ್ಟಿಯೇ ಒಂದು ನಿಧಾನದ ಅಲೆಯ ಹಾಗೆ ಕೂತುಬಿಡುತ್ತದೆ, ದೂರ ಸುಲಭವಾಗಿ ಎರಡಂಕಿ ಮುಟ್ಟುತ್ತದೆ. ಅಂಥ ನಕಲು ಹುಡುಕುವಾಗ ಎರಡೂ ಕಡೆಯ ಫ್ರೇಮ್‌ಗಳ ಕೆಳಗಿನ ಐದರಲ್ಲೊಂದು ಭಾಗ ತೆಗೆದು ಇನ್ನೊಂದು ಹ್ಯಾಶ್ ಮಾಡಿಟ್ಟುಕೊಂಡರೆ ಕೆಲಸ ಆಗುತ್ತದೆ.

ಕತ್ತರಿಸುವುದು ಬೇರೆಯೇ ಜಾತಿಯ ಪೆಟ್ಟು. ಅಲೆಗಳನ್ನು ಅಂಚಿನಿಂದ ಅಂಚಿಗೆ ಅಳೆಯುತ್ತೇವೆ ಎಂದೆನಲ್ಲ, ಇಲ್ಲಿ ಅಂಚೇ ಜರುಗಿತು. ಅಳತೆ ಪಟ್ಟಿಯನ್ನೇ ಕತ್ತರಿಸಿ ಮತ್ತೆ ಎಳೆದು ಹಿಗ್ಗಿಸಿದ ಹಾಗೆ. 1080 ಎತ್ತರದ ಅಡ್ಡ ಫ್ರೇಮಿನಿಂದ 9:16ರ ಉದ್ದ ತುಂಡು ತೆಗೆದರೆ ಉಳಿಯುವ ಅಗಲ 608 ಪಿಕ್ಸೆಲ್. 1920ರಲ್ಲಿ ಅದು ಶೇ. 32 ಕೂಡ ಆಗಲಿಲ್ಲ. ನಿಮ್ಮ ಹಿಡಿಂಬೇಶ್ವರ ಗುಡಿಯ ಫ್ರೇಮಿನಲ್ಲಿ ಎಡಕ್ಕೆ ಬಂಡೆ, ನಡುವೆ ಗುಡಿ, ಬಲಕ್ಕೆ ಆಕಾಶ ಇತ್ತು ಅನ್ನಿ. ನಕಲಿನಲ್ಲಿ ಗುಡಿಯೊಂದೇ ಅಂಚಿನಿಂದ ಅಂಚಿಗೆ ತುಂಬಿದೆ. ಪಿಹ್ಯಾಶ್ ಕಣ್ಣಿಗೆ ಇದು ಮತ್ತೊಂದು ಚಿತ್ರ. ದೂರ 26, 30, 34 ಎಂದು ಬರುತ್ತದೆ. ಸಂಬಂಧವೇ ಇಲ್ಲದ ಎರಡು ಚಿತ್ರಗಳ ದೂರವೂ 32ರ ಆಸುಪಾಸಿನಲ್ಲೇ ಇರುವುದರಿಂದ ಈ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಹಾಗಾದರೆ ಮಿತಿ 20 ಇಟ್ಟಾಗ ನಿಮಗೆ ಸಿಕ್ಕಿದ್ದೇನು? ಬಹುಪಾಲು ಬರೀ ಕಾಕತಾಳೀಯ. ಎರಡು ಹ್ಯಾಶ್‌ಗಳನ್ನು ಕಣ್ಣುಮುಚ್ಚಿ ಎತ್ತಿಕೊಂಡರೆ ದೂರ 20 ಅಥವಾ ಅದಕ್ಕಿಂತ ಕಡಿಮೆ ಬರುವ ಸಂಭವ ಸುಮಾರು 360ಕ್ಕೆ ಒಂದು. ದೂರ 12ರೊಳಗೆ ಬರುವ ಸಂಭವ ಸುಮಾರು 21 ಲಕ್ಷಕ್ಕೆ ಒಂದು. ನಿಮ್ಮ 12 ನಿಮಿಷದ ವಿಡಿಯೋದಿಂದ ಸೆಕೆಂಡಿಗೆ ಎರಡು ಫ್ರೇಮ್ ತೆಗೆದರೆ 1,440 ಹ್ಯಾಶ್. ಇನ್ನೊಬ್ಬರ ವಿಡಿಯೋದ 54 ಫ್ರೇಮ್‌ಗಳ ಎದುರು ಇವನ್ನೆಲ್ಲ ಇಟ್ಟರೆ 77,760 ಹೋಲಿಕೆ. ಅದರಲ್ಲಿ 20ರೊಳಗೆ ಬರುವವು, ಏನೂ ಸಂಬಂಧವಿಲ್ಲದಿದ್ದರೂ, ಇನ್ನೂರು ಮೀರುತ್ತವೆ. ಇನ್ನು ಕೋಟೆಯ ಚಿತ್ರಗಳು ಕಣ್ಣುಮುಚ್ಚಿ ಎತ್ತಿದ ಚಿತ್ರಗಳೂ ಅಲ್ಲ. ಮೇಲೆ ಬಿಳಿ ಆಕಾಶ, ಕೆಳಗೆ ಕಂದು ಬಂಡೆ ಎಂಬ ಅಚ್ಚು ಎಲ್ಲರ ವಿಡಿಯೋದಲ್ಲೂ ಒಂದೇ. ಹಾಗಾಗಿ ನಿಜದಲ್ಲಿ ಇನ್ನೂ ಹೆಚ್ಚು ಬರುತ್ತದೆ. ಪಾಪ, ಬಿಸಿಲಲ್ಲಿ ಮೆಟ್ಟಿಲು ಹತ್ತಿ ತಾವೇ ಚಿತ್ರೀಕರಿಸಿಕೊಂಡವರ ಮೇಲೆ ಕಳ್ಳತನದ ಆರೋಪ ಹೊರಿಸಿದಂತಾಗುತ್ತದೆ.

ದಾರಿ ಇರುವುದು ಮಿತಿ ಸಡಿಲಿಸುವುದರಲ್ಲಿ ಅಲ್ಲ. ಕಳ್ಳ ಕತ್ತರಿಸಿರಬಹುದಾದ ರೀತಿಯಲ್ಲೆಲ್ಲ ನೀವೇ ಮೊದಲು ಕತ್ತರಿಸಿಟ್ಟುಕೊಳ್ಳಬೇಕು. ಉದ್ದ ತುಂಡಿಗೆ ಎತ್ತರ ಪೂರ್ತಿ ಬೇಕು, ಅಗಲ 9:16ಕ್ಕೆ ತಕ್ಕಷ್ಟು. ಅವನ ಕೈಯಲ್ಲಿ ಉಳಿದ ಆಯ್ಕೆ ಒಂದೇ, ಎಡಬಲದಲ್ಲಿ ಎಲ್ಲಿ ಇಡಬೇಕು ಎಂಬುದು. ಆದ್ದರಿಂದ ಮೂಲದ ಪ್ರತಿ ಫ್ರೇಮಿನ ಮೇಲೆ ಅಷ್ಟೇ ಅಗಲದ ಕಿಟಕಿಯೊಂದನ್ನು ಎಡದಿಂದ ಬಲಕ್ಕೆ ಜರುಗಿಸುತ್ತಾ ಒಂದೊಂದು ನಿಲುಗಡೆಯಲ್ಲೂ ಹ್ಯಾಶ್ ತೆಗೆಯಿರಿ. ಮೊದಲು `kote` ಎಂಬ ಖಾಲಿ ಫೋಲ್ಡರ್ ಮಾಡಿಕೊಂಡು `ffmpeg`ನಿಂದ ಫ್ರೇಮ್‌ಗಳನ್ನು ತೆಗೆಯಿರಿ:

```
ffmpeg -i kote.mp4 -vf "fps=2,scale=640:360" -q:v 3 kote/%05d.jpg
```

ಇಲ್ಲಿ `fps` ಫಿಲ್ಟರ್‌ನಿಂದಲೇ ತೆಗೆಯಿರಿ. ಪ್ರತಿ 12ನೇ ಫ್ರೇಮ್ ಎಂದು ಎಣಿಸಿ ತೆಗೆಯುವ ಅಭ್ಯಾಸ ಹಲವರಿಗಿದೆ. ಮೊಬೈಲಿನಲ್ಲಿ ಓಡಾಡಿ ಬಂದ ಫೈಲ್‌ಗಳಲ್ಲಿ ಫ್ರೇಮ್‌ಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ, ಎಣಿಕೆ ಸ್ವಲ್ಪ ಹೊತ್ತಿನಲ್ಲೇ ದಾರಿ ತಪ್ಪುತ್ತದೆ. ಫಿಲ್ಟರ್ ಗಡಿಯಾರ ನೋಡಿ ತೆಗೆಯುತ್ತದೆ. ಇನ್ನು ಕಿಟಕಿಗಳು:

```python
from PIL import Image
import imagehash

def windows(path):
    im = Image.open(path)
    W, H = im.size
    w = H * 9 // 16
    out = [(-1, imagehash.phash(im))]
    for x in range(0, W - w + 1, w // 10):
        part = im.crop((x, 0, x + w, H))
        out.append((x, imagehash.phash(part)))
    return out
```

640x360ರ ಫ್ರೇಮಿನಲ್ಲಿ ಕಿಟಕಿಯ ಅಗಲ 202, ಹೆಜ್ಜೆ 20 ಪಿಕ್ಸೆಲ್. 22 ಕಿಟಕಿಗಳು, ಜೊತೆಗೆ ಇಡೀ ಫ್ರೇಮಿನದು ಒಂದು, ಒಟ್ಟು 23. ಹೆಜ್ಜೆ ಕಿಟಕಿಯ ಹತ್ತರಲ್ಲೊಂದು ಭಾಗ ಇರುವುದಕ್ಕೆ ಕಾರಣವಿದೆ. ಕಳ್ಳನ ಕತ್ತರಿ ನಿಮ್ಮ ಎರಡು ನಿಲುಗಡೆಗಳ ಸರಿ ಮಧ್ಯೆ ಬಿದ್ದರೂ ಹತ್ತಿರದ ಕಿಟಕಿಯಿಂದ ಅವನ ಅಂಚು ಶೇ. 5ಕ್ಕಿಂತ ಹೆಚ್ಚು ಸರಿದಿರುವುದಿಲ್ಲ. ಅಷ್ಟು ಸರಿದಾಟವನ್ನು ಪಿಹ್ಯಾಶ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ, ಎಲ್ಲ ಫ್ರೇಮಿನಲ್ಲೂ ಅಲ್ಲ. ಉಯ್ಯಾಲೆ ಕಂಬದಂಥ ತೆಳ್ಳಗಿನ ನೇರ ಕಂಬಗಳು ತುಂಬಿದ ಚಿತ್ರದಲ್ಲಿ ಶೇ. 5 ಸರಿದರೂ ದೂರ 14, 16 ಆಗಿಬಿಡಬಹುದು. ದುಂಡು ಬಂಡೆಗಳ ಚಿತ್ರದಲ್ಲಿ 6ರಲ್ಲೇ ನಿಲ್ಲಬಹುದು. ನನ್ನ ಮಾತು ನಂಬುವ ಬದಲು ನಿಮ್ಮ ವಿಡಿಯೋದ ಮೇಲೇ ಪರೀಕ್ಷಿಸಿಕೊಳ್ಳಿ. ನಕಲನ್ನು ನೀವೇ ತಯಾರಿಸಬಹುದು:

```
ffmpeg -ss 312 -t 60 -i kote.mp4 -vf "crop=608:1080:690:0,scale=1080:1920" -crf 32 test.mp4
```

690 ಎಂಬ ಜಾಗದಲ್ಲಿ ಬೇರೆ ಬೇರೆ ಅಂಕಿ ಹಾಕಿ ನಾಲ್ಕೈದು ಪರೀಕ್ಷಾ ನಕಲು ಮಾಡಿ, ಸರಿಯಾದ ಫ್ರೇಮ್ ಎದುರು ಎಷ್ಟು ದೂರ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅರ್ಧಕ್ಕರ್ಧ ಫ್ರೇಮ್‌ಗಳು 12ರೊಳಗೆ ಬಂದರೆ ಸಾಕು. ಎಲ್ಲವೂ ಬರಬೇಕಾಗಿಲ್ಲ. ಅದು ಯಾಕೆ ಎಂಬುದಕ್ಕೆ ಈಗ ಬರುತ್ತೇನೆ.

ಕಿಟಕಿ ಹೆಚ್ಚಿಸಿದ್ದಕ್ಕೆ ಒಂದು ಬೆಲೆ ಇದೆ. 1,440 ಫ್ರೇಮ್‌ಗೆ 23ರಂತೆ 33,120 ಹ್ಯಾಶ್ ಆಯಿತು. ಜಾಗದ ಚಿಂತೆ ಇಲ್ಲ, ಒಂದಕ್ಕೆ 8 ಬೈಟ್ ಎಂದರೂ ಒಟ್ಟು ಒಂದು ಮಾಮೂಲಿ ಫೋಟೋಗಿಂತ ಕಡಿಮೆ. ಆದರೆ 54 ಫ್ರೇಮ್ ಎದುರು ಹೋಲಿಕೆಗಳು ಸುಮಾರು 18 ಲಕ್ಷಕ್ಕೆ ಏರಿದವು. ಈಗ ಮಿತಿ 20 ಇಟ್ಟರೆ ಕಾಕತಾಳೀಯವಾಗಿ ಸುಮಾರು 5,000 ಹೊಂದಿಕೆಗಳು ಬರುತ್ತವೆ. 12 ಇಟ್ಟರೆ ಲೆಕ್ಕದ ಪ್ರಕಾರ ಒಂದು. ಶುರುವಿನಲ್ಲೇ ಮಿತಿ ಇಳಿಸಿ ಎಂದು ಒತ್ತಿ ಹೇಳಿದ್ದು ಇದಕ್ಕೇ. ಹೆಚ್ಚು ಕಡೆ ಹುಡುಕಿದಷ್ಟೂ ಒಂದೊಂದು ಹೊಂದಿಕೆಯ ಮೇಲೆ ಹೆಚ್ಚು ಅನುಮಾನ ಇರಬೇಕು.

ಒಂದು ಫ್ರೇಮ್ ಹೊಂದಿದ್ದನ್ನು ಸಾಕ್ಷಿ ಎನ್ನಬೇಡಿ, ಸುಳಿವು ಅನ್ನಿ. ಸಾಕ್ಷಿ ಹೇಳಬೇಕಾದ್ದು ಕಾಲ. ನಕಲಿನ 5ನೇ ಸೆಕೆಂಡ್ ನಿಮ್ಮ 317ನೇ ಸೆಕೆಂಡಿಗೆ ಹೊಂದಿದರೆ, ನಿಜವಾದ ನಕಲಿನಲ್ಲಿ 6ನೆಯದು 318ಕ್ಕೆ, 7ನೆಯದು 319ಕ್ಕೆ ಹೊಂದಬೇಕು. ಮೂಲದ ಸಮಯದಲ್ಲಿ ನಕಲಿನ ಸಮಯ ಕಳೆದರೆ ಪ್ರತಿ ಸಲವೂ 312. ಕಾಕತಾಳೀಯ ಹೊಂದಿಕೆಗಳಲ್ಲಿ ಈ ವ್ಯತ್ಯಾಸ ಚೆಲ್ಲಾಪಿಲ್ಲಿ: ಒಮ್ಮೆ 40, ಒಮ್ಮೆ 601. ಹಾಗಾಗಿ ಪ್ರತಿ ಹೊಂದಿಕೆಯೂ ತನ್ನ ವ್ಯತ್ಯಾಸಕ್ಕೆ ಒಂದು ಓಟು ಹಾಕಲಿ:

```python
from collections import Counter

votes = Counter()
for tq, hq in copy_frames:
    hit = set()
    for tr, x, hr in orig_frames:
        if hq - hr <= 12:
            hit.add(round(tr - tq))
    votes.update(hit)
print(votes.most_common(5))
```

`copy_frames` ಎಂದರೆ ನಕಲಿನಿಂದ ಸೆಕೆಂಡಿಗೆ ಒಂದರಂತೆ ತೆಗೆದ ಫ್ರೇಮ್‌ಗಳ ಸಮಯ ಮತ್ತು ಹ್ಯಾಶ್. `orig_frames` ಮೂಲದ ಸಮಯ, ಕಿಟಕಿಯ ಜಾಗ, ಹ್ಯಾಶ್. `set` ಇಟ್ಟಿರುವುದು ಒಂದು ಫ್ರೇಮ್ ಒಂದೇ ವ್ಯತ್ಯಾಸಕ್ಕೆ ಎರಡೆರಡು ಓಟು ಹಾಕದಿರಲೆಂದು, ಪಕ್ಕಪಕ್ಕದ ಮೂರ್ನಾಲ್ಕು ಕಿಟಕಿಗಳು ಒಟ್ಟಿಗೇ ಹೊಂದುವುದು ಮಾಮೂಲು. ಮೂಲದಿಂದ ಸೆಕೆಂಡಿಗೆ ಎರಡು ತೆಗೆದು ನಕಲಿನಿಂದ ಒಂದೇ ತೆಗೆಯುವುದಕ್ಕೂ ಕಾರಣವಿದೆ. ಅವನು ಎಲ್ಲಿಂದ ತುಂಡು ಶುರು ಮಾಡಿದ್ದಾನೋ ಗೊತ್ತಿಲ್ಲ, ಎರಡು ಗಡಿಯಾರಗಳ ಟಿಕ್ ಒಟ್ಟಿಗೆ ಬೀಳುವುದಿಲ್ಲ. ಮೂಲ ದಟ್ಟವಾಗಿದ್ದರೆ ತಪ್ಪು ಕಾಲು ಸೆಕೆಂಡ್ ದಾಟುವುದಿಲ್ಲ. ಓಬವ್ವನ ಕಿಂಡಿಯೊಳಗೆ ಕ್ಯಾಮೆರಾ ಹಿಡಿದು ನುಗ್ಗಿದಂಥ ಶಾಟ್ ಇದ್ದರೆ ಅಲ್ಲಿ ಮಾತ್ರ ಸೆಕೆಂಡಿಗೆ ನಾಲ್ಕು ತೆಗೆಯಿರಿ.

ಈಗ ಇದನ್ನು ಒಂದು ನಕಲಿನ ಮೇಲೆ ಓಡಿಸಿದರೆ ಉತ್ತರ ಹೇಗೆ ಬರುತ್ತದೆ, ಹೇಗೆ ಓದಬೇಕು ನೋಡಿ. ಅಂಕಿಗಳು ಉದಾಹರಣೆಯವು, ಆದರೆ ಕೆಲಸದಲ್ಲಿ ಕಾಣುವುದು ಇದೇ ಮಾದರಿ. 58 ಸೆಕೆಂಡಿನ ಉದ್ದ ವಿಡಿಯೋ, ಬಲಮೇಲೆ ಲೋಗೋ, ಕೆಳಗೆ ಹಳದಿ ಅಕ್ಷರ, ಹಿನ್ನೆಲೆಯಲ್ಲಿ ಬೇರೆ ಸಂಗೀತ. 58 ಫ್ರೇಮ್‌ಗಳಲ್ಲಿ 4 ಬರೀ ಆಕಾಶ, ತೆಗೆದು ಹಾಕಿದೆವು. ಉಳಿದವು 54. ಓಟು ಎಣಿಸಿದರೆ 312ಕ್ಕೆ 29, 455ಕ್ಕೆ 14, ಆಮೇಲೆ ಯಾವುದಕ್ಕೂ ಎರಡು ದಾಟಿಲ್ಲ. ಎರಡು ಶಿಖರ ಯಾಕೆ? ಯಾವ ಫ್ರೇಮ್‌ಗಳು ಯಾವುದಕ್ಕೆ ಓಟು ಹಾಕಿದವು ಎಂದು ತೆಗೆದರೆ 0ಯಿಂದ 36ನೇ ಸೆಕೆಂಡ್‌ವರೆಗಿನವು 312ಕ್ಕೆ, 37ರಿಂದ ಮುಂದಿನವು 455ಕ್ಕೆ. ಅಂದರೆ ನಿಮ್ಮ 5 ನಿಮಿಷ 12ನೇ ಸೆಕೆಂಡಿನಿಂದ 37 ಸೆಕೆಂಡ್ ಎತ್ತಿಕೊಂಡು, ನಡುವೆ ಒಂದಿಷ್ಟು ಹಾರಿಸಿ, 8 ನಿಮಿಷ 12ನೇ ಸೆಕೆಂಡಿನಿಂದ ಇನ್ನೊಂದು ತುಂಡು ಅಂಟಿಸಿದ್ದಾನೆ. ಕಿಟಕಿಯ ಜಾಗವೂ ಸಾಕ್ಷಿಗೆ ನಿಲ್ಲುತ್ತದೆ: ಮೊದಲ ತುಂಡಿನ ಹೊಂದಿಕೆಗಳೆಲ್ಲ `x` 220, 240ರಲ್ಲಿ, ಎರಡನೆಯದರಲ್ಲಿ 80, 100ರಲ್ಲಿ. ಅಕ್ಕ ತಂಗಿ ಹೊಂಡ ಫ್ರೇಮಿನ ಎಡಕ್ಕಿದ್ದುದರಿಂದ ಕತ್ತರಿಯನ್ನು ಎಡಕ್ಕೆ ತಂದಿದ್ದಾನೆ. ಕಾಕತಾಳೀಯ ಹೊಂದಿಕೆಗಳಲ್ಲಿ ಕಾಲವೂ ಜಾಗವೂ ಹೀಗೆ ಒಟ್ಟಿಗೆ ಕೂಡಿ ಬರುವುದಿಲ್ಲ.

54ರಲ್ಲಿ 11 ಫ್ರೇಮ್ ಹೊಂದಲೇ ಇಲ್ಲ. ಅವನ್ನು ತೆಗೆದು ನೋಡಿದರೆ ಕೆಲವು ಕ್ಯಾಮೆರಾ ಜೋರಾಗಿ ತಿರುಗಿದ ಜಾಗ, ಕೆಲವು ಹಳದಿ ಅಕ್ಷರ ಮೂರು ಸಾಲಿಗೆ ಬೆಳೆದ ಜಾಗ. ಬೇಸರ ಬೇಡ, ಓಟಿನ ಪದ್ಧತಿಗೆ ಎಲ್ಲರೂ ಬರಬೇಕೆಂದಿಲ್ಲ.

ಅದೇ ಪ್ರೋಗ್ರಾಮನ್ನು ಬೇರೊಬ್ಬರು ತಾವೇ ತೆಗೆದ ಕೋಟೆ ವಿಡಿಯೋದ ಮೇಲೆ ಓಡಿಸಿದರೆ 12ರೊಳಗೆ ನಾಲ್ಕೈದು ಹೊಂದಿಕೆ ಬರಬಹುದು. ಏಕನಾಥೇಶ್ವರಿ ಗುಡಿಯ ಮುಂದೆ ಎಲ್ಲರೂ ನಿಲ್ಲುವುದು ಒಂದೇ ಕಟ್ಟೆಯ ಮೇಲೆ. ಆದರೆ ವ್ಯತ್ಯಾಸಗಳು ಒಂದೊಂದು ದಿಕ್ಕಿಗೆ. ಯಾವುದೂ ಎರಡು ಮೂರು ಓಟು ದಾಟುವುದಿಲ್ಲ. ಅಡ್ಡ ವಿಡಿಯೋಗಳಿಗೆ ನಾನು ಇಡುವ ಕಟ್ಟಳೆ ಇಷ್ಟು: ಒಂದೇ ವ್ಯತ್ಯಾಸಕ್ಕೆ ಕನಿಷ್ಠ 8 ಓಟು, ಆ 8 ಫ್ರೇಮ್‌ಗಳು ನಕಲಿನಲ್ಲಿ 15 ಸೆಕೆಂಡಿನ ಒಳಗೆ ಒಟ್ಟಿಗೆ ಇರಬೇಕು. ಕಿಟಕಿ ಪದ್ಧತಿಯಲ್ಲಿ `x` ಕೂಡ ಒಂದೇ ಕಡೆ ಗುಂಪಾಗಿರಬೇಕು. ಅಷ್ಟಾದ ಮೇಲೂ ಎರಡೂ ತುಂಡುಗಳನ್ನು ಪಕ್ಕಪಕ್ಕ ಇಟ್ಟು ಕಣ್ಣಾರೆ ನೋಡಿ. ನಿಮ್ಮ ಶಾಟ್‌ನಲ್ಲಿ ಕೆಂಪು ಶಾಲು ಹೊದ್ದ ಅಜ್ಜಿ ಮೂರನೇ ಮೆಟ್ಟಿಲಲ್ಲಿ ನಿಂತಿದ್ದರೆ ಅವನದರಲ್ಲೂ ಅದೇ ಕ್ಷಣಕ್ಕೆ ಅದೇ ಮೆಟ್ಟಿಲಲ್ಲಿ ನಿಂತಿರಬೇಕು. ದೂರು ಕೊಡುವಾಗ ಹ್ಯಾಮಿಂಗ್ ದೂರಕ್ಕಿಂತ ಆ ಅಜ್ಜಿಯೇ ಹೆಚ್ಚು ಕೆಲಸಕ್ಕೆ ಬರುತ್ತಾಳೆ.

ಈ ಪದ್ಧತಿ ಎಡವುವ ಎರಡು ಮೂರು ಜಾಗಗಳಿವೆ, ನಾನೇ ಬಿದ್ದು ಕಲಿತಿದ್ದು. ಹಿಂದೊಮ್ಮೆ ಒಂದು ಸ್ಥಳೀಯ ಚಾನೆಲ್‌ನ ಹಳೆಯ ಟೇಪುಗಳನ್ನು ಫೈಲ್ ಮಾಡಿದ ಮೇಲೆ ಒಂದೇ ಕಾರ್ಯಕ್ರಮದ ಎರಡೆರಡು ಪ್ರತಿ ಹುಡುಕಿಕೊಡಲು ಕೂತಿದ್ದೆ. ಮೊದಲ ಸಂಜೆಯೇ ಎಲ್ಲ ಕಾರ್ಯಕ್ರಮಗಳೂ ಎಲ್ಲ ಕಾರ್ಯಕ್ರಮಗಳ ನಕಲು ಎಂದು ಫಲಿತಾಂಶ ಬಂತು. ಪ್ರತಿ ಫೈಲಿನ ಮೊದಲಿಗೂ ಅದೇ 9 ಸೆಕೆಂಡಿನ ಶೀರ್ಷಿಕೆ ತುಣುಕು ಇತ್ತು. ಅದು ಸರಿಯಾಗಿಯೇ, ಒಂದೇ ವ್ಯತ್ಯಾಸಕ್ಕೆ, ಸಾಲಾಗಿ ಓಟು ಹಾಕುತ್ತಿತ್ತು. ನಿಮ್ಮ ಸ್ಟುಡಿಯೋ ಲೋಗೋ ತಿರುಗುವ ತುಣುಕೂ ಹೀಗೇ ಮಾಡುತ್ತದೆ. ನಿಮ್ಮ ಐದಾರು ಬೇರೆ ಬೇರೆ ವಿಡಿಯೋಗಳಲ್ಲಿ ಪದೇ ಪದೇ ಕಾಣುವ ಹ್ಯಾಶ್‌ಗಳನ್ನು ಮೊದಲೇ ಪಟ್ಟಿ ಮಾಡಿ, ಅವಕ್ಕೆ ಓಟಿನ ಹಕ್ಕು ಕೊಡಬೇಡಿ.

ಎರಡನೆಯದು ಸಪ್ಪೆ ಫ್ರೇಮ್. ಆಕಾಶ, ಮಬ್ಬು, ಕತ್ತಲೆಯಿಂದ ಮೂಡಿಬರುವ ಆರಂಭ. ಇಲ್ಲಿ 64ರಲ್ಲಿ ಬಹುಪಾಲು ಸಂಖ್ಯೆಗಳು ಸೊನ್ನೆಯ ಬಳಿ ಗುಂಪುಗಟ್ಟಿರುವುದರಿಂದ 1 ಯಾವುದು 0 ಯಾವುದು ಎಂದು ತೀರ್ಮಾನಿಸುವುದು ಕಂಪ್ರೆಷನ್ನಿನ ಕಸ. ಫ್ರೇಮನ್ನು 32x32 ಕಪ್ಪು ಬಿಳುಪಿಗೆ ಕುಗ್ಗಿಸಿ ಬೆಳಕಿನ ಮಟ್ಟದ ಪ್ರಮಾಣಿತ ವಿಚಲನೆ ನೋಡಿ. 0ಯಿಂದ 255ರ ಅಳತೆಯಲ್ಲಿ ಅದು 12, 15ಕ್ಕಿಂತ ಕಡಿಮೆ ಇದ್ದರೆ ಆ ಫ್ರೇಮ್ ಬಿಟ್ಟುಬಿಡಿ. ಕಿಟಕಿಗಳಿಗೂ ಇದೇ ಜರಡಿ ಹಿಡಿಯಬೇಕು. ಇಡೀ ಫ್ರೇಮ್ ಚೆನ್ನಾಗಿದ್ದರೂ ಬಲಗಡೆಯ ಐದು ಕಿಟಕಿಗಳಲ್ಲಿ ಬರೀ ಆಕಾಶ ಇರಬಹುದು. ಸುಳ್ಳು ಹೊಂದಿಕೆಗಳು ಬಹುಪಾಲು ಹುಟ್ಟುವುದೇ ಅಲ್ಲಿ.

ಅಲುಗದ ಶಾಟ್ ಇನ್ನೊಂದು ತರಹ. ನೀವು ಎಂದಾದರೂ ಬೆಣ್ಣೆ ದೋಸೆಯ ಕಾವಲಿ ಎದುರು ಟ್ರೈಪಾಡ್ ನೆಟ್ಟು ಎರಡು ನಿಮಿಷ ತೆಗೆದಿದ್ದರೆ, ಅದರ ಒಂದು ಫ್ರೇಮ್ ಎರಡು ನಿಮಿಷದ ಎಲ್ಲ ಫ್ರೇಮ್‌ಗಳಿಗೂ ಹೊಂದುತ್ತದೆ. ಓಟು ಶಿಖರವಾಗುವ ಬದಲು ಚಪ್ಪಟೆ ದಿಬ್ಬ ಆಗುತ್ತದೆ. ನಕಲು ಹೌದೋ ಅಲ್ಲವೋ ಗೊತ್ತಾಗುತ್ತದೆ, ಯಾವ ಸೆಕೆಂಡಿನಿಂದ ಎತ್ತಿದ್ದು ಎಂಬುದು ಮಾತ್ರ ಖಚಿತವಾಗುವುದಿಲ್ಲ. ಅದನ್ನು ಕಣ್ಣಿಂದಲೇ ನೋಡಬೇಕು.

ಕತ್ತರಿಸದೆ ಉದ್ದ ಮಾಡುವ ಉಪಾಯವೂ ಒಂದಿದೆ. ನಿಮ್ಮ ಅಡ್ಡ ವಿಡಿಯೋವನ್ನು ಉದ್ದ ಪರದೆಯ ನಡುವೆ ಇಟ್ಟು ಮೇಲೆ ಕೆಳಗೆ ಕಪ್ಪು ಬಿಡುತ್ತಾರೆ. ಇದಕ್ಕೆ ಕಿಟಕಿಗಳು ಬೇಕಿಲ್ಲ, ನಕಲಿನ ಕಪ್ಪನ್ನು ಕತ್ತರಿಸಿದರೆ ಸಾಕು:

```
ffmpeg -i copy.mp4 -t 60 -vf cropdetect=limit=24:round=2 -f null -
```

ಕೊನೆಯಲ್ಲಿ `crop=1080:608:0:656` ಎಂಬಂಥ ಸಾಲು ಪದೇ ಪದೇ ಬರುತ್ತದೆ. ಅದನ್ನೇ `-vf` ಒಳಗೆ ಹಾಕಿ ಫ್ರೇಮ್ ತೆಗೆಯಿರಿ. ಈಗೀಗ ಕಪ್ಪಿನ ಬದಲು ಅದೇ ವಿಡಿಯೋವನ್ನು ದೊಡ್ಡದು ಮಾಡಿ ಮಸುಕಾಗಿಸಿ ಹಿಂದೆ ಇಡುತ್ತಾರೆ, ಅಲ್ಲಿ `cropdetect` ಮೋಸ ಹೋಗುತ್ತದೆ. ಉದ್ದ ನಕಲು ಯಾವುದೇ ಬರಲಿ, ಇಡೀ ಫ್ರೇಮಿನ ಹ್ಯಾಶ್ ಜೊತೆಗೆ ನಡುವಿನ 1080x608 ಪಟ್ಟಿಯ ಹ್ಯಾಶನ್ನೂ ತೆಗೆದು ಎರಡನ್ನೂ ಓಟಿಗೆ ಬಿಡಿ. ಹೀಗೇ ನಕಲನ್ನು ಕನ್ನಡಿಯಂತೆ ತಿರುಗಿಸಿ ಮತ್ತೊಂದು ಹ್ಯಾಶ್ ತೆಗೆಯಿರಿ. ಎಡಬಲ ತಿರುಗಿಸಿದರೆ ಸಿಕ್ಕಿಬೀಳುವುದಿಲ್ಲ ಎಂಬ ನಂಬಿಕೆ ಈ ಮಂದಿಯಲ್ಲಿ ಬಲವಾಗಿದೆ. ಪಿಹ್ಯಾಶ್ ಅದಕ್ಕೆ ನಿಜಕ್ಕೂ ಕುರುಡು.

ವೇಗ ಬದಲಿಸಿದ್ದರೆ ಓಟುಗಳು ಹರಡುತ್ತವೆ. 1.1 ಪಟ್ಟು ಜೋರು ಮಾಡಿದ 60 ಸೆಕೆಂಡಿನ ನಕಲು ನಿಮ್ಮ 66 ಸೆಕೆಂಡನ್ನು ನುಂಗಿರುತ್ತದೆ, ವ್ಯತ್ಯಾಸ 312ರಿಂದ 318ರವರೆಗೆ ಮೆಲ್ಲಗೆ ಜಾರುತ್ತದೆ. ಅಕ್ಕಪಕ್ಕದ ಆರೇಳು ವ್ಯತ್ಯಾಸಗಳಿಗೆ ನಾಲ್ಕು ನಾಲ್ಕು ಓಟು ಬಿದ್ದು, ನಕಲಿನ ಸಮಯ ಹೆಚ್ಚಿದಂತೆ ವ್ಯತ್ಯಾಸವೂ ಹೆಚ್ಚುತ್ತಿದ್ದರೆ ಇದೇ ರೋಗ. `tq` ಬದಲು `tq * 1.1`, `tq * 1.25` ಎಂದು ಹಾಕಿ ಓಡಿಸಿ. ಸರಿಯಾದ ಅಂಕಿಗೆ ಬಂದಾಗ ಹರಡಿದ್ದೆಲ್ಲ ಒಂದೇ ಶಿಖರಕ್ಕೆ ಕೂಡಿಕೊಳ್ಳುತ್ತದೆ.

ಒಂದು ಪರದೆಯಲ್ಲಿ ಓಡುತ್ತಿರುವುದನ್ನು ಇನ್ನೊಂದು ಮೊಬೈಲಿನಿಂದ ಓರೆಯಾಗಿ ಚಿತ್ರೀಕರಿಸಿದ್ದರೆ, ಅಥವಾ ನಿಮ್ಮ ಶಾಟನ್ನು ಮೂಲೆಯಲ್ಲಿ ಪುಟ್ಟದಾಗಿ ಇಟ್ಟು ಮುಂದೆ ಒಬ್ಬರು ಕೂತು ಮಾತಾಡಿದ್ದರೆ ಈ ದಾರಿ ಸಾಲದು. ಕಿಟಕಿಗಳ ಲೆಕ್ಕ ಅಗಲ, ಎತ್ತರ, ಜಾಗ, ಓರೆ ಎಂದು ಬೆಳೆದು ಕೈಮೀರುತ್ತದೆ. ಅಲ್ಲಿ ಚಿತ್ರದ ಒಂದೊಂದು ಮೂಲೆ, ಬಿಂದುಗಳನ್ನು ಗುರುತಿಟ್ಟು ಹೊಂದಿಸುವ ಬೇರೆ ಪದ್ಧತಿಗಳು ಬೇಕು. ನಿಮ್ಮ ಸದ್ಯದ ತೊಂದರೆಗೆ ಅಷ್ಟು ದೂರ ಹೋಗಬೇಡಿ.

ಹ್ಯಾಶ್ ಬದಲಿಸಬೇಕೆನಿಸಿದರೆ ಪಿಡಿಕ್ಯು ನೋಡಬಹುದು. ಫೇಸ್‌ಬುಕ್ 2019ರಲ್ಲಿ ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಇದೇ ಡಿಸಿಟಿ ಬುಡದ ಮೇಲೆ ನಿಂತದ್ದು, 64x64ಕ್ಕೆ ಕುಗ್ಗಿಸಿ 16x16 ಅಲೆಗಳಿಂದ 256 ಬಿಟ್ ಮಾಡುತ್ತದೆ. ಸಾಮಾನ್ಯವಾಗಿ 31ರ ಮಿತಿ ಇಟ್ಟು ಬಳಸುತ್ತಾರೆ. ಪ್ರತಿ ಚಿತ್ರಕ್ಕೂ 0ಯಿಂದ 100ರವರೆಗೆ ಒಂದು ಗುಣಮಟ್ಟದ ಅಂಕ ಕೊಡುವುದರಿಂದ ಸಪ್ಪೆ ಫ್ರೇಮ್ ಸೋಸುವ ಕೆಲಸ ತಾನಾಗಿ ಆಗುತ್ತದೆ. ಕಾಕತಾಳೀಯ ಹೊಂದಿಕೆ ಬಹಳ ಕಡಿಮೆ. ಆದರೆ ಕತ್ತರಿಗೆ ಅದೂ ಸೋಲುತ್ತದೆ, ಇನ್ನೂ ಬೇಗ ಏರಿಳಿಯುವ ಅಲೆಗಳನ್ನೂ ಅಳೆಯುವುದರಿಂದ ಅಂಚು ಸರಿದರೆ ಪಿಹ್ಯಾಶ್‌ಗಿಂತ ಬೇಗ ಸೋಲುತ್ತದೆ. ಕಿಟಕಿಯ ಹೆಜ್ಜೆಯನ್ನು ಅರ್ಧಕ್ಕೆ ಇಳಿಸಬೇಕಾಗುತ್ತದೆ. ನಿಮ್ಮ ಬಳಿ ಇರುವುದು ಐವತ್ತು ಅರವತ್ತು ವಿಡಿಯೋ ಅಷ್ಟೇ ಆದರೆ ಪಿಹ್ಯಾಶ್ ಮತ್ತು ಓಟು ಸಾಕು. ಸಾವಿರಗಟ್ಟಲೆ ಆದಾಗ ಆ ಎರಡು `for` ಲೂಪ್ ತೆಗೆದು, ಹ್ಯಾಶ್‌ಗಳನ್ನು 64 ಬಿಟ್ ಪೂರ್ಣಾಂಕ ಮಾಡಿ `numpy`ಯಲ್ಲಿ ಒಟ್ಟಿಗೆ ಎಕ್ಸ್‌ಆರ್ ಮಾಡಿ ಬಿಟ್ ಎಣಿಸಿ.

ಮೊದಲ ಪರೀಕ್ಷೆಗೆ ನಿಮಗೆ ಈಗಾಗಲೇ ಕಣ್ಣಿಗೆ ಬಿದ್ದಿರುವ ಒಂದು ಉದ್ದ ನಕಲನ್ನು, ನೀವೇ ಮಾಡಿದ `test.mp4`ಯನ್ನು ಮತ್ತು ನಿಮ್ಮದಲ್ಲ ಎಂದು ಖಾತ್ರಿ ಇರುವ ಒಂದು ಕೋಟೆ ವಿಡಿಯೋವನ್ನು ತೆಗೆದುಕೊಳ್ಳಿ. ಮೂರರ `most_common(5)` ಸಾಲುಗಳನ್ನು ಪಕ್ಕಪಕ್ಕ ಬರೆದು ಕಳಿಸಿ, 8 ಓಟು ಎಂಬ ಕಟ್ಟಳೆಯನ್ನು ನಿಮ್ಮ ಶಾಟ್‌ಗಳಿಗೆ ತಕ್ಕಂತೆ ಏರಿಸಬೇಕೋ ಇಳಿಸಬೇಕೋ ಹೇಳುತ್ತೇನೆ.